ಅವನ ಕೈಲಿ ಓಡಿದ ಐಡಿಯಾ ನನ್ನ ಕೈಲಿ ಯಾಕೆ ಮುಗ್ಗರಿಸ್ತು? ಕೆಲವು ಪ್ರಶ್ನೆ, ನನಗೆ ತಿಳಿದಷ್ಟು ಉತ್ತರ

ಐಡಿಯಾ ಒಂದೇ, ಮಾಡೋ ಕೆಲಸಾನೂ ಒಂದೇ, ಆದ್ರೂ ಒಬ್ಬನಿಗೆ ಆಗಿದ್ದು ಇನ್ನೊಬ್ಬನಿಗೆ ಯಾಕೆ ಆಗಲ್ಲ?

ಮೊದಲ್ನೇದಾಗಿ ಕೆಲಸ ಒಂದೇ ಅಲ್ಲ, ಹೊರಗಿಂದ ನೋಡೋರಿಗೆ ಒಂದೇ ಥರ ಕಾಣತ್ತೆ ಅಷ್ಟೆ. ಇದನ್ನ ನನ್ನದೇ ಕಥೆ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಬೇರೆಯವರ ಕಥೆಯಲ್ಲಿ ಎಲ್ಲಿ ಎಡವಿದ್ರು ಅನ್ನೋದು ಇಷ್ಟು ಹತ್ರದಿಂದ ಕಾಣಲ್ಲ.

ನನ್ನ ಫ್ರೆಂಡ್ ಒಬ್ಬ ಚಿಕ್ಕ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾಡಿದ್ದ. ಪೇಷೆಂಟ್ ಹೆಸರು, ಟೈಮು, ಫೋನ್ ನಂಬರ್ ಹಾಕಿದ್ರೆ ಹಿಂದಿನ ದಿನ ಸಂಜೆ ಅವರಿಗೆ ನೆನಪಿಸೋ ಮೆಸೇಜ್ ಹೋಗತ್ತೆ, ಬರ್ತೀನಿ ಅಂದು ಬಾರದೆ ಇರೋರು ಕಮ್ಮಿ ಆಗ್ತಾರೆ, ಇಷ್ಟೇ ಐಡಿಯಾ. ಅವನ ಕೋಡ್ ನೋಡಿದ್ರೆ ನಗು ಬರೋದು, ಪ್ರೋಗ್ರಾಮಿಂಗ್ ತಡವಾಗಿ ಕಲಿತವನು, ಸ್ಕ್ರೀನ್ ಅಂದ್ರೆ ಒಂದು ಉದ್ದನೆ ಪಟ್ಟಿ, ಅಷ್ಟು ಬಿಟ್ರೆ ಏನಿಲ್ಲ. ಆದ್ರೂ ಒಂದಾದ ಮೇಲೆ ಒಂದು ಕ್ಲಿನಿಕ್ ಅದನ್ನ ತಗೊಳ್ತಾ ಇತ್ತು. ನಾನು ಹದಿನೈದು ವರ್ಷದಿಂದ ಕೋಡ್ ಬರೀತಾ ಇರೋನು, ಇದನ್ನ ಇವನೇ ಮಾಡಿದ ಅಂದ್ಮೇಲೆ ನಾನು ಇನ್ನೆಷ್ಟು ಚೆನ್ನಾಗಿ ಮಾಡಬಹುದು ಅಂದ್ಕೊಂಡೆ. ಅವನಿಗೆ ಹೇಳೇ ಮಾಡಿದ್ದು, ಅವನೂ ಮಾಡಪ್ಪ, ಇರೋ ಕ್ಲಿನಿಕ್‌ಗೆಲ್ಲ ನಾನೊಬ್ಬನೇ ಸಾಕಾಗಲ್ಲ ಅಂದ. ಹುಲಿನ ನೋಡಿ ನರಿ ಮೈ ಸುಟ್ಕೊಂಡಂಗೆ ಅಂತಾರಲ್ಲ, ಆ ಗಾದೆ ಇರೋದೇ ನನ್ನಂಥವರಿಗೆ.

ನನ್ನ ಸಾಫ್ಟ್‌ವೇರ್‌ನಲ್ಲಿ ದಿನವನ್ನ 15 ನಿಮಿಷದ ತುಂಡು ಮಾಡಿದ್ದೆ, ಒಂದು ತುಂಡಿಗೆ ಒಬ್ಬ ಪೇಷೆಂಟ್, ಇನ್ನೊಬ್ಬರನ್ನ ಅಲ್ಲೇ ಹಾಕೋಕೆ ಹೋದ್ರೆ ಕೆಂಪು ಬಣ್ಣದಲ್ಲಿ ಆಗಲ್ಲ ಅನ್ನೋದು. ನನಗೆ ಅದು ತಪ್ಪು ತಡೆಯೋ ಜಾಣತನ ಅನ್ನಿಸಿತ್ತು. ಮೂರು ಕ್ಲಿನಿಕ್‌ನಲ್ಲಿ ಹಾಕಿದೆ, ಡಾಕ್ಟರ್‌ಗಳು ಮೂವರೂ ಚೆನ್ನಾಗಿದೆ ಅಂದ್ರು. ಮೂರು ವಾರಕ್ಕೆಲ್ಲ ಅವರಿಂದಾನೇ ಫೋನು, ಪೇಷೆಂಟ್‌ಗಳಿಗೆ ಮೆಸೇಜೇ ಹೋಗ್ತಿಲ್ವಂತೆ ಅಂತ.

ಲಾಗ್ ತೆಗೆದು ನೋಡಿದೆ. ಒಂದು ಕ್ಲಿನಿಕ್‌ನಲ್ಲಂತೂ ದಿನದ ಎಲ್ಲಾ ಎಂಟ್ರಿಗಳೂ ಸಂಜೆ 7:40ರಿಂದ 8:05ರ ಒಳಗೆ ಬಿದ್ದಿದ್ವು, ಅಂದ್ರೆ ಇಪ್ಪತ್ತೈದು ನಿಮಿಷದಲ್ಲಿ ಇಡೀ ದಿನ. ನೆನಪಿಸೋ ಮೆಸೇಜ್ ಹೋಗ್ತಾ ಇದ್ದಿದ್ದು 6 ಗಂಟೆಗೆ. ಮಾರನೇ ದಿನ ಬರೋರ ಹೆಸರು ಸಿಸ್ಟಮ್ ಒಳಗೆ ಬರೋ ಹೊತ್ತಿಗೆ ಮೆಸೇಜ್ ಗಾಡಿ ಹೊರಟು ಎರಡು ಗಂಟೆ ಆಗಿರೋದು. ನಾನೇನ್ ಅರ್ಥ ಮಾಡ್ಕೊಂಡೆ ಅಂದ್ರೆ, ಟೈಪ್ ಮಾಡೋದು ಕಷ್ಟ ಆಗ್ತಿದೆ ಅದಕ್ಕೇ ಕೊನೆಗೆ ಒಟ್ಟಿಗೆ ಹಾಕ್ತಿದಾರೆ ಅಂತ. ಎರಡು ತಿಂಗಳು ಕೂತು ಎಂಟ್ರಿ ಸ್ಕ್ರೀನ್ ಫಾಸ್ಟ್ ಮಾಡಿದೆ. ಏನೂ ಬದಲಾಗಲಿಲ್ಲ, ಬದಲಾಗಿದ್ದು ಅಂದ್ರೆ ಇಪ್ಪತ್ತೈದು ನಿಮಿಷದ ಕೆಲಸ ಹದಿನೈದು ನಿಮಿಷಕ್ಕೆ ಮುಗಿಯೋಕೆ ಶುರುವಾಯ್ತು, ಅದೇ ರಾತ್ರಿ ಹೊತ್ತು.

ಕೊನೆಗೆ ಫ್ರೆಂಡ್‌ನ ಕರ್ಕೊಂಡು ಹೋದೆ. ಅವನು ಕಂಪ್ಯೂಟರ್ ಕಡೆ ನೋಡ್ಲೇ ಇಲ್ಲ, ರಿಸೆಪ್ಷನ್ ಪಕ್ಕದ ಬೆಂಚ್ ಮೇಲೆ ಇಪ್ಪತ್ತು ನಿಮಿಷ ಪೇಷೆಂಟ್ ಥರ ಕೂತಿದ್ದ. ಆಮೇಲೆ ಎದ್ದು ಹೋಗಿ ಅಲ್ಲಿದ್ದೋರನ್ನ ಕೇಳಿದ, "ಮೇಡಂ, ಡ್ರಾಯರ್‌ನಲ್ಲಿ ಇಟ್ಕೊಂಡಿದೀರಲ್ಲ ಆ ಚಿಕ್ಕ ಪುಸ್ತಕ, ಸ್ವಲ್ಪ ನೋಡಬಹುದಾ?" ಅವರು ಮುಜುಗರದಿಂದ ತೆಗೆದು ಕೊಟ್ರು. ಅದರಲ್ಲಿ ಹತ್ತು ಗಂಟೆ ಅನ್ನೋದರ ಮುಂದೆ ಮೂರು ಹೆಸರು, ಹತ್ತೂವರೆ ಮುಂದೆ ಎರಡು, ಹನ್ನೊಂದರ ಮುಂದೆ ಮತ್ತೆ ಮೂರು. ಅದು ಗಡಿಬಿಡಿಯಲ್ಲಿ ಆದ ತಪ್ಪಲ್ಲ, ಲೆಕ್ಕ ಹಾಕಿ ಬರೆದಿದ್ದು. ಆ ಮೂವರಲ್ಲಿ ಒಬ್ಬರು ಯಾವಾಗಲೂ ಲೇಟು, ಇನ್ನೊಬ್ಬರದು ಬರೀ ಹೊಲಿಗೆ ಬಿಚ್ಚೋದು ಎರಡು ನಿಮಿಷದ ಕೆಲಸ, ಮೂರನೆಯವರು ಹೊಸಬರು, ಬಂದ್ರೆ ಬಂದ್ರು. ನನ್ನ ಸಾಫ್ಟ್‌ವೇರ್ ಅವರು ದಿನಾ ಮಾಡೋ ಈ ಲೆಕ್ಕಾಚಾರಕ್ಕೇ ಕೆಂಪು ಬಣ್ಣ ಬಳಿದು ಆಗಲ್ಲ ಅಂತಿತ್ತು. ಅದಕ್ಕೆ ಅವರು ದಿನವೆಲ್ಲ ಪುಸ್ತಕದಲ್ಲಿ ಬರ್ಕೊಂಡು, ರಾತ್ರಿ ಮನೆಗೆ ಹೋಗೋ ಮುಂಚೆ ಡಾಕ್ಟರ್ ಬೈಬಾರದು ಅಂತ, ನನ್ನ ತುಂಡುಗಳಿಗೆ ಹೊಂದೋ ಹಾಗೆ ಸುಳ್ಳು ಟೈಮ್ ಹಾಕಿ ತುಂಬಿಸ್ತಾ ಇದ್ರು.

ಫ್ರೆಂಡ್‌ಗೆ ಇದು ಹೇಗೆ ಗೊತ್ತಾಯ್ತು ಅಂದ್ರೆ, ಕೋಡ್ ಕಲಿಯೋ ಮುಂಚೆ ಒಂಬತ್ತು ವರ್ಷ ಅವನೇ ಅಂಥ ಕೌಂಟರ್ ಹಿಂದೆ ಕೂತಿದ್ದ. ಅವನ ಸಾಫ್ಟ್‌ವೇರ್ ಬರೀ ಉದ್ದನೆ ಪಟ್ಟಿ ಆಗಿದ್ದಕ್ಕೆ ಕಾರಣ ಸೋಮಾರಿತನ ಅಂತ ನಾನು ಅಂದ್ಕೊಂಡಿದ್ದೆ. ಪಟ್ಟಿಯಲ್ಲಿ ಹತ್ತು ಗಂಟೆಗೆ ಎಷ್ಟು ಜನರನ್ನ ಬೇಕಾದ್ರೂ ಬರೀಬಹುದು, ಅದಕ್ಕೇ ಅದು ಪಟ್ಟಿ.

ಈಗ ಮೊದಲ್ನೇ ಪ್ರಶ್ನೆಗೆ ಬರೋಣ. ಈ ಐಡಿಯಾದಲ್ಲಿ ಇದ್ದ ಕೆಲಸಗಳು ಯಾವುವು ಅಂದ್ರೆ, ಕ್ಲಿನಿಕ್ ಒಳಗೆ ಕಾಲಿಡೋದು, ಅಲ್ಲಿ ಹೊತ್ತು ಹೆಂಗೆ ಹಂಚ್ತಾರೆ ಅಂತ ಕೂತು ನೋಡೋದು, ಸಾಫ್ಟ್‌ವೇರ್ ಬರೆಯೋದು, ಹಳೇ ಪುಸ್ತಕ ಬಿಡಿಸೋದು, ಮೊದಲ ಹದಿನೈದು ದಿನ ಕೌಂಟರ್‌ನಲ್ಲಿ ಇರೋರ ಸಿಟ್ಟು ತಡ್ಕೊಳ್ಳೋದು, ಆಮೇಲೆ ಮೆಸೇಜ್ ಕಳ್ಸೋದು. ನಾನು ಎಣಿಸಿದ್ದು ಇದರಲ್ಲಿ ಎರಡೇ ಎರಡು, ಬರೆಯೋದು ಮತ್ತೆ ಕಳ್ಸೋದು, ಯಾಕಂದ್ರೆ ನನಗೆ ಬರ್ತಾ ಇದ್ದಿದ್ದು ಅವೆರಡೇ. ಸರಪಳಿ ಮಾತ್ರ ಕಡಿದಿದ್ದು ನಾನು ಎಣಿಸದೇ ಇದ್ದ ಕೊಂಡಿಯಲ್ಲಿ.

ಇಷ್ಟೆಲ್ಲ ಕಷ್ಟ ಯಾಕೆ, ಫ್ರೆಂಡ್‌ನ ಮೊದಲೇ ಕೇಳಿದ್ರೆ ಆಗ್ತಿರ್ಲಿಲ್ವಾ?

ಕೇಳಿದ್ದೆ ಸ್ವಾಮಿ! ಒಂದು ಭಾನುವಾರ ಪೂರ್ತಿ ಕೂತು ಕೇಳಿದ್ದೆ, ಅವನೂ ಏನೂ ಮುಚ್ಚಿಡದೆ ಹೇಳಿದ್ದ, ಮೆಸೇಜ್ ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಚಿಕ್ಕದಿರಬೇಕು ಎಲ್ಲಾ. ಒಂದೇ ಟೈಮ್‌ಗೆ ಮೂವರು ಅನ್ನೋದು ಮಾತ್ರ ಹೇಳಿರಲಿಲ್ಲ. ಆಮೇಲೆ ಕೇಳಿದ್ರೆ, "ಅದೇನ್ ಹೇಳೋ ವಿಷಯಾನಾ ಮಾರಾಯ, ಎಲ್ರಿಗೂ ಗೊತ್ತಿರತ್ತಲ್ಲ" ಅಂದ. ಒಂದು ಕೆಲಸ ತುಂಬಾ ವರ್ಷ ಮಾಡಿದೋರಿಗೆ ಅದರ ಕಷ್ಟದ ಭಾಗ ಕಣ್ಣಿಗೇ ಬೀಳಲ್ಲ, ಸೈಕಲ್ ಹೊಡೆಯೋರಿಗೆ ಬ್ಯಾಲೆನ್ಸ್ ಕಾಣದ ಹಾಗೆ. ಹಾಗಾಗಿ ಗೆದ್ದೋರು ಹೇಳೋ ರೆಸಿಪಿಯಲ್ಲಿ ಒಂದು ಸಾಲು ಬಿಟ್ಟುಹೋಗಿರತ್ತೆ, ಮೋಸಕ್ಕಲ್ಲ, ಅವರಿಗೇ ಆ ಸಾಲು ಇದೆ ಅಂತ ಗೊತ್ತಿರಲ್ಲ.

ಇದಕ್ಕೆ ಒಂದು ಫೇಮಸ್ ಉದಾಹರಣೆ ಇದೆ, ಲೇಸರ್‌ದು. 1970ರಲ್ಲಿ ಕೆನಡಾದ ಒಂದು ರಕ್ಷಣಾ ಲ್ಯಾಬ್ ಹೊಸ ಥರದ ಲೇಸರ್ ಮಾಡಿದ್ದೀವಿ ಅಂತ ಪ್ರಕಟಿಸ್ತು, ಅದನ್ನ ಟಿಇಎ ಲೇಸರ್ ಅಂತಾರೆ, ಮಾಮೂಲಿ ಗಾಳಿಯ ಒತ್ತಡದಲ್ಲೇ ಇರೋ ಗ್ಯಾಸ್ ಒಳಗೆ ವಿದ್ಯುತ್ ಹಾಯಿಸಿ ಕೆಲಸ ಮಾಡೋ ಲೇಸರ್. ಬೇರೆ ಬೇರೆ ಲ್ಯಾಬ್‌ನೋರು ಇದನ್ನ ತಾವೂ ಕಟ್ಟೋಕೆ ಹೊರಟ್ರು. ಹ್ಯಾರಿ ಕಾಲಿನ್ಸ್ ಅನ್ನೋ ಸಮಾಜಶಾಸ್ತ್ರಜ್ಞ ಬ್ರಿಟನ್‌ನ ಲ್ಯಾಬ್‌ಗಳಿಗೆಲ್ಲ ಹೋಗಿ ಯಾರಿಗೆ ಆಯ್ತು ಯಾರಿಗೆ ಆಗಲಿಲ್ಲ ಅಂತ ವಿಚಾರಿಸಿ 1974ರಲ್ಲಿ ಬರೆದ್ರು. ಅವರಿಗೆ ಸಿಕ್ಕಿದ್ದು ಏನಂದ್ರೆ, ಬರೀ ಪ್ರಕಟವಾದ ಲೇಖನ ಓದ್ಕೊಂಡು ಲೇಸರ್ ಓಡಿಸಿದ ಲ್ಯಾಬ್ ಒಂದೂ ಇಲ್ಲ. ಓಡಿಸಿದೋರೆಲ್ಲ ಆಗಲೇ ಓಡಿಸಿದ್ದ ಯಾರ ಜೊತೆಗಾದ್ರೂ ಖುದ್ದು ಒಡನಾಟ ಇದ್ದೋರು, ಒಡನಾಟ ಇದ್ದೂ ಆಗದೇ ಇದ್ದೋರೂ ಇದ್ರು. ಇವರೆಲ್ಲ ಫಿಸಿಕ್ಸ್ ಅರೆದು ಕುಡಿದೋರು ಅನ್ನೋದು ನೆನಪಿರಲಿ.

ಎಡವಟ್ಟಾಗಿದ್ದ ಜಾಗಗಳಲ್ಲಿ ಒಂದು, ಕೆಪಾಸಿಟರ್‌ನಿಂದ ಎಲೆಕ್ಟ್ರೋಡ್‌ಗೆ ಹೋಗೋ ವೈರಿನ ಉದ್ದ. ಅದು ಚಿಕ್ಕದಿರಬೇಕು, ಉದ್ದ ಆದ್ರೆ ವೈರೇ ಕರೆಂಟಿನ ವೇಗಕ್ಕೆ ಅಡ್ಡ ಬರತ್ತೆ, ಗ್ಯಾಸ್‌ನಲ್ಲಿ ಎಲ್ಲಾ ಕಡೆ ಸಮನಾಗಿ ಹೊಳೆಯೋ ಬದಲು ಕಿಡಿ ಹಾರತ್ತೆ, ಲೇಸರ್ ಬರಲ್ಲ. ಓಡ್ತಾ ಇದ್ದ ಒಂದು ಮೆಷೀನ್‌ನಲ್ಲಿ ಕೆಪಾಸಿಟರ್‌ಗಳನ್ನ ತಲೆಕೆಳಗಾಗಿ ಮೇಲೆ ಕೂರಿಸಿದ್ರು, ಹಾಗಾಗಿ ವೈರು ತಾನಾಗೇ ಚಿಕ್ಕದಾಗಿತ್ತು. ಅದನ್ನ ನೋಡಿ ಕಟ್ಟೋಕೆ ಹೊರಟೋರು ಸರ್ಕ್ಯೂಟ್ ಚಿತ್ರದಲ್ಲಿ ಇರೋದನ್ನೆಲ್ಲ ಸರಿಯಾಗೇ ಜೋಡಿಸಿದ್ರು, ಕೆಪಾಸಿಟರ್ ಮಾತ್ರ ಅನುಕೂಲ ಅನ್ನಿಸಿದ ಕಡೆ ಇಟ್ರು, ವೈರು ಉದ್ದ ಆಯ್ತು. ಸರ್ಕ್ಯೂಟ್ ಚಿತ್ರದಲ್ಲಿ ವೈರು ಒಂದು ಗೆರೆ, ಗೆರೆ ಎಷ್ಟುದ್ದ ಅನ್ನೋದಕ್ಕೆ ಅಲ್ಲಿ ಅರ್ಥಾನೇ ಇಲ್ಲ. ನನ್ನ ಫ್ರೆಂಡ್ ಭಾನುವಾರ ಪೂರ್ತಿ ನನಗೆ ಹೇಳಿದ್ದೂ ಇಂಥ ಚಿತ್ರಾನೇ.

ಅದಕ್ಕೇ ಈಗ ನಾನು ಹೇಗೆ ಮಾಡ್ತೀಯ ಅಂತ ಕೇಳೋದು ಕಮ್ಮಿ ಮಾಡಿದೀನಿ, ನೀನು ಮಾಡೋವಾಗ ಪಕ್ಕ ಕೂರ್ತೀನಿ ಅಂತೀನಿ. ಕೂತಾಗ ಅವನು ಹೇಳದೇ ಇರೋದು ಏನೇನ್ ಮಾಡ್ತಾನೆ ಅಂತ ಬರ್ಕೊಳ್ತೀನಿ.

ಸರಿ, ಸ್ಕಿಲ್ ಕಮ್ಮಿ ಇತ್ತು ಅಂತಾಯ್ತಲ್ಲ? ಕಷ್ಟಪಟ್ಟು ಕಲಿತ್ರೆ ಯಾವ ಐಡಿಯಾ ಆದ್ರೂ ಯಾರಿಗಾದ್ರೂ ಆಗ್ಬೇಕು ತಾನೆ?

ಕೆಲವೊಮ್ಮೆ ಹೌದು. ಆದ್ರೆ ಕಮ್ಮಿ ಇರೋದು ಬೇರೆ, ಬೇರೆ ಥರ ಇರೋದು ಬೇರೆ, ಇವೆರಡನ್ನ ಜನ ಕಲಸಿಬಿಡ್ತಾರೆ.

ಹೈ ಜಂಪ್ ತಗೊಳ್ಳಿ. 1960ರ ದಶಕದಲ್ಲಿ ಒಳ್ಳೇ ಐಡಿಯಾ ಅಂದ್ರೆ ಸ್ಟ್ರ್ಯಾಡಲ್, ಹೊಟ್ಟೆ ಕೆಳಗೆ ಮಾಡಿ ಕಂಬಿ ಮೇಲೆ ಉರುಳಿ ಹೋಗೋದು, ದೊಡ್ಡ ಜಂಪರ್‌ಗಳೆಲ್ಲ ಅದನ್ನೇ ಮಾಡ್ತಿದ್ರು. ಡಿಕ್ ಫಾಸ್‌ಬರಿ ಅನ್ನೋ ಅಮೆರಿಕದ ಹುಡುಗ ಹೈಸ್ಕೂಲ್‌ನಲ್ಲಿ ಅದನ್ನ ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಹತ್ತಲಿಲ್ಲ. ಬೇಜಾರಾಗಿ ಹಳೇ ಕಾಲದ ಕತ್ತರಿ ಜಿಗಿತಕ್ಕೇ ವಾಪಸ್ ಹೋದ, ಎಲ್ರೂ ಯಾವತ್ತೋ ಬಿಟ್ಟಿದ್ದ ಶೈಲಿ ಅದು. ಆಮೇಲೆ ಸೊಂಟ ಕಂಬಿಗೆ ತಗಲದ ಹಾಗೆ ಮೇಲೆತ್ತೋಕೆ ಹೋಗಿ ಬೆನ್ನು ಹಿಂದಕ್ಕೆ ವಾಲಿಸ್ತಾ ವಾಲಿಸ್ತಾ ಕೊನೆಗೆ ಬೆನ್ನು ಕೆಳಗಾಗಿ ದಾಟೋ ಹೊಸ ಶೈಲೀನೇ ಆಯ್ತು. 1968ರ ಮೆಕ್ಸಿಕೋ ಸಿಟಿ ಒಲಿಂಪಿಕ್ಸ್‌ನಲ್ಲಿ ಅದೇ ಶೈಲಿಯಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದ.

ಸ್ಟ್ರ್ಯಾಡಲ್‌ನಲ್ಲಿ ಕೊನೇ ಹೆಜ್ಜೆಗಳಲ್ಲಿ ಆಳವಾಗಿ ಕುಗ್ಗಿ, ಕಾಲಿನ ಬಲದಿಂದ ಮೈನ ಮೇಲಕ್ಕೆ ತಳ್ಳಬೇಕು, ಇನ್ನೊಂದು ಕಾಲನ್ನ ಜೋರಾಗಿ ಮೇಲಕ್ಕೆ ಬೀಸಬೇಕು, ಅಂದ್ರೆ ಅದು ಮುಖ್ಯವಾಗಿ ಬಲದ ಆಟ. ಫಾಸ್‌ಬರಿ ಶೈಲಿಯಲ್ಲಿ ಬಾಗಿದ ದಾರಿಯಲ್ಲಿ ಓಡಿ ಬರ್ತಾರೆ, ತಿರುವಿನಲ್ಲಿ ಮೈ ಒಳಗಡೆ ವಾಲೋದರಿಂದ ಮಂಡಿ ಜಾಸ್ತಿ ಬಗ್ಗಿಸದೇನೇ ಮೈ ತಗ್ಗತ್ತೆ, ವೇಗ ಉಳಿಯತ್ತೆ, ನೆಲದ ಮೇಲೆ ಕಾಲಿಡೋ ಹೊತ್ತೂ ಕಮ್ಮಿ. ಅಂದ್ರೆ ಉದ್ದನೆ ಮೈಯ, ವೇಗ ಇರೋ, ಸ್ಪ್ರಿಂಗ್ ಥರ ಪುಟಿಯೋ ಕಾಲಿನೋರಿಗೆ ಹೇಳಿ ಮಾಡಿಸಿದ್ದು. ಸ್ಟ್ರ್ಯಾಡಲ್ ಹತ್ತದೆ ಇದ್ದಾಗ ಅವನ ಕೈಲಿ ಏನೂ ಆಗಲ್ಲ ಅಂದ್ಕೊಂಡೋರು ಇದ್ದಿರಬಹುದು, ಆದ್ರೆ ಆ ಶೈಲಿ ಬೇರೆ ಥರದ ಮೈಯನ್ನ ಕೇಳ್ತಾ ಇತ್ತು.

ಇದರ ಇನ್ನೊಂದು ಮುಖಾನ ಜನ ಮರೀತಾರೆ. ಫಾಸ್‌ಬರಿ ಗೆದ್ದ ತಕ್ಷಣ ಸ್ಟ್ರ್ಯಾಡಲ್ ಸತ್ತುಹೋಗಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ಚಿನ್ನ ಸ್ಟ್ರ್ಯಾಡಲ್ ಮಾಡೋ ಯೂರಿ ತಾರ್ಮಾಕ್‌ಗೆ ಹೋಯ್ತು, 1977ರಲ್ಲಿ ವ್ಲಾದಿಮಿರ್ ಯಾಷ್ಚೆಂಕೋ ಅದೇ ಸ್ಟ್ರ್ಯಾಡಲ್‌ನಲ್ಲಿ ವಿಶ್ವ ದಾಖಲೆ ಮಾಡಿದ. ಬಲ ಇದ್ದೋರಿಗೆ ಅದು ಹತ್ತು ವರ್ಷ ಆದ್ಮೇಲೂ ಒಳ್ಳೇ ಐಡಿಯಾನೇ ಆಗಿತ್ತು. ಆಗಲೇ ಸ್ಟ್ರ್ಯಾಡಲ್ ಹತ್ತಿದ್ದೋನು ಹೊಸದು ಬಂತು ಅಂತ ಎಲ್ಲಾ ಬಿಟ್ಟು ಹೋಗಿದ್ರೆ ಎಷ್ಟೋ ವರ್ಷ ಹಾಳು ಮಾಡ್ಕೋತಿದ್ದ. (ಅಂದ ಹಾಗೆ ಹಳೇ ಕಾಲದ ಮರಳು ಗುಂಡಿಯೊಳಗೆ ಬೆನ್ನ ಮೇಲೆ ಬೀಳೋ ಐಡಿಯಾ ಯಾರಿಗೆ ಬಂದಿದ್ರೂ ಕುತ್ತಿಗೆ ಮುರ್ಕೊಳ್ತಿದ್ರು, ಬೀಳೋಕೆ ದಪ್ಪ ಫೋಮ್ ಹಾಸಿಗೆ ಬಂದಿದ್ದೂ ಆಗಲೇ. ಎಲ್ಲಾನೂ ಸ್ಕಿಲ್ ಅಂತ ಹೇಳೋಕೆ ಆಗಲ್ಲ.)

ಕಲಿಯೋಕೆ ಆಗತ್ತಾ ಅನ್ನೋದಕ್ಕೆ ನಾನು ನೋಡೋದು ಒಂದೇ ವಿಷಯ, ತಪ್ಪು ಮಾಡಿದ್ರೆ ಅದು ತಪ್ಪು ಅಂತ ಎಷ್ಟು ಬೇಗ ಗೊತ್ತಾಗತ್ತೆ. ಡೇನಿಯಲ್ ಕಾನೆಮನ್ ಮತ್ತೆ ಗ್ಯಾರಿ ಕ್ಲೈನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು, ಅನುಭವಿಗಳ ಅಂದಾಜನ್ನ ನಂಬಬಹುದಾ ಅನ್ನೋ ವಿಷಯದಲ್ಲಿ ಎದುರುಬದುರು ಇದ್ದೋರು, 2009ರಲ್ಲಿ ಸೇರಿ ಒಂದು ಲೇಖನ ಬರೆದ್ರು. ಅವರು ಒಪ್ಕೊಂಡಿದ್ದು ಇಷ್ಟು: ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ಮತ್ತೆ ಮಾಡಿದೋರಿಗೆ ಫಲಿತಾಂಶ ಸಿಕ್ತಾ ಕಲಿಯೋ ಅವಕಾಶ ಇರಬೇಕು, ಎರಡೂ ಇದ್ರೇನೇ ಆ ಅಂದಾಜು ನಂಬೋಹಂಗೆ ಬೆಳೆಯತ್ತೆ. ನನ್ನ ಫ್ರೆಂಡ್‌ಗೆ ಕೌಂಟರ್‌ನಲ್ಲಿ ಎರಡೂ ಇತ್ತು, ಹತ್ತು ಗಂಟೆಗೆ ನಾಲ್ಕು ಜನರನ್ನ ಹಾಕಿದ್ರೆ ಹತ್ತೂಮುಕ್ಕಾಲಿಗೆ ಯಾರೋ ಎದುರು ನಿಂತು ಕೂಗಾಡ್ತಿದ್ರು. ದಿನಕ್ಕೆ ನಾಲ್ಕೈದು ಪಾಠ, ಒಂಬತ್ತು ವರ್ಷ. ನನಗೆ ಸಿಗ್ತಾ ಇದ್ದಿದ್ದು ಮೂರು ವಾರಕ್ಕೊಂದು ಫೋನು, ಅದೂ ಏನು ತಪ್ಪು ಅಂತ ಹೇಳದೇ ಇರೋ ಫೋನು. ಇಂಥ ಕಡೆ ಎಷ್ಟು ಕಷ್ಟಪಟ್ರೂ ಕಲಿಕೆ ಆಮೆ ನಡಿಗೆ.

ಹಾಗಾದ್ರೆ ಐಡಿಯಾನೇ ಸರಿ ಇಲ್ವಾ, ನನಗೆ ಹೊಂದಲ್ವಾ, ಇನ್ನೂ ಸ್ವಲ್ಪ ಟೈಮ್ ಕೊಡಬೇಕಾ ಅಂತ ಹೇಗೆ ತಿಳ್ಕೊಳ್ಳೋದು?

ಎಲ್ಲದಕ್ಕೂ ಆಗೋ ಸೂತ್ರ ಇಲ್ಲ. ಆದ್ರೆ ಗುರುತು ಬೇರೆ ಬೇರೆ ಇರತ್ತೆ.

ಐಡಿಯಾನೇ ಕೆಟ್ಟದಾಗಿದ್ರೆ ಚೆನ್ನಾಗಿ ಬರೋರ ಕೈಲೂ ನಡೆಯಲ್ಲ, ಫ್ರೆಂಡ್‌ನ ಕ್ಲಿನಿಕ್‌ಗಳು ನಡೀತಾ ಇದ್ವು ಅನ್ನೋದ್ರಿಂದಾನೇ ನನ್ನ ಕೇಸ್‌ನಲ್ಲಿ ಅದು ಮೊದಲೇ ಬಿದ್ದುಹೋಯ್ತು. ಟೈಮ್ ಬೇಕಾಗಿರೋದು ಅಂದ್ರೆ ತಪ್ಪುಗಳು ಬದಲಾಗ್ತಾ ಇರತ್ತೆ, ಮೊದಲ ತಿಂಗಳು ಮಾಡಿದ ತಪ್ಪು ಎರಡನೇ ತಿಂಗಳು ಇರಲ್ಲ, ಹೊಸ ತಪ್ಪು ಬಂದಿರತ್ತೆ. ಹೊಂದಲ್ಲ ಅನ್ನೋದರ ಗುರುತು ಒಂದೇ ತಪ್ಪು ವೇಷ ಹಾಕ್ಕೊಂಡು ಪದೇ ಪದೇ ಬರೋದು, ಮತ್ತೆ ಅದಕ್ಕೆ ನಾವು ಕೊಡೋ ಪರಿಹಾರ ಪ್ರತಿಸಲ ನಮಗೆ ಬರೋ ಕೆಲಸಾನೇ ಆಗಿರೋದು. ಕೌಂಟರ್‌ನಲ್ಲಿ ಸಮಸ್ಯೆ ಇದ್ರೆ ನಾನು ಕೋಡ್ ಬರೆದೆ. ಮತ್ತೆ ಬಂದ್ರೆ ಇನ್ನಷ್ಟು ಕೋಡ್. ಆ ಎರಡು ತಿಂಗಳಲ್ಲಿ ನಾನು ಆ ಬೆಂಚ್ ಮೇಲೆ ಒಂದು ಅರ್ಧ ಗಂಟೆ ಕೂತಿರಲಿಲ್ಲ ಅನ್ನೋದು ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ಶುರು ಮಾಡೋ ಮುಂಚೆನೇ ಪರೀಕ್ಷೆ ಮಾಡಬಹುದು. ಐಡಿಯಾದ ಕೆಲಸಗಳನ್ನೆಲ್ಲ ಬರೆದು, ಯಾವುದನ್ನ ಮಾಡೋಕೆ ಮನಸ್ಸು ಹಿಂದೇಟು ಹಾಕತ್ತೋ ಅದನ್ನೇ ಮೊದಲು ಮಾಡಬೇಕು, ಬೇರೆ ಏನೂ ಕಟ್ಟದೇ. ನನ್ನ ವಿಷಯದಲ್ಲಿ ಅದು ಸಾಫ್ಟ್‌ವೇರೇ ಇಲ್ಲದೆ ಒಂದು ವಾರ ಕೌಂಟರ್ ಪಕ್ಕ ಕೂತು, ಅವರ ಪುಸ್ತಕ ನೋಡಿ ಸಂಜೆ ನಾನೇ ಕೈಯಾರೆ ಮೆಸೇಜ್ ಕಳ್ಸೋದು. ಹಾಗೆ ಮಾಡಿದ್ರೆ ಹತ್ತು ಗಂಟೆಗೆ ಮೂರು ಹೆಸರು ಮೊದಲ್ನೇ ದಿನಾನೇ ಕಾಣ್ತಿತ್ತು. ಆ ಒಂದು ವಾರ ಕೂರೋದೇ ನನಗೆ ಹಿಂಸೆ ಅನ್ನಿಸಿದ್ರೆ, ಅದೂ ಉತ್ತರಾನೇ, ಯಾಕಂದ್ರೆ ಕೆಲಸ ಗೆದ್ರೆ ಅಂಥ ವಾರ ಇನ್ನೂ ಜಾಸ್ತಿ ಬರೋದು.

ನಮಗೆ ಬರದೇ ಇರೋ ಭಾಗಕ್ಕೆ ಪಾರ್ಟ್‌ನರ್ ಸೇರಿಸ್ಕೊಂಡ್ರೆ ಮುಗೀತಲ್ಲ?

ಮುಗಿಯತ್ತೆ, ಆ ಭಾಗ ಯಾವುದು ಅಂತ ಗೊತ್ತಿದ್ರೆ. ನನಗೆ ಮೊದಲು ಪಾರ್ಟ್‌ನರ್ ಬೇಕು ಅನ್ನಿಸಿದಾಗ ನಾನು ಹುಡುಕಿದ್ದು ಡಿಸೈನರ್‌ನ, ಎಂಟ್ರಿ ಸ್ಕ್ರೀನ್ ಇನ್ನೂ ಚೆಂದ ಆಗ್ಲಿ ಅಂತ. ಇನ್ನೊಂದು ತೊಂದರೆ, ಕೆಲವು ಐಡಿಯಾದಲ್ಲಿ ಎರಡು ಸ್ಕಿಲ್ ಒಂದೇ ತಲೆಯೊಳಗೆ ಇರಬೇಕಾಗತ್ತೆ. ಕೌಂಟರ್‌ನಲ್ಲಿ ಏನೋ ನೋಡಿ ಅಲ್ಲೇ ಅದನ್ನ ಪಟ್ಟಿಯಾಗಿ ಯೋಚಿಸೋದು ನನ್ನ ಫ್ರೆಂಡ್‌ಗೆ ಒಂದೇ ಕೆಲಸ. ಅದನ್ನ ನೋಡೋರು ಒಬ್ಬರು ಬರೆಯೋರು ಒಬ್ಬರು ಅಂತ ಹಂಚಿದ್ರೆ, ನೋಡಿದೋರು ಇದೇನ್ ಹೇಳೋ ವಿಷಯಾನಾ ಅಂತ ಬಿಡ್ತಾರೆ, ಮತ್ತೆ ಅದೇ ಕಥೆ.

ಕೊನೆಗೆ ನಾವಿಬ್ರೂ ಸೇರಿದ್ದೇ ಬೇರೆ ರೀತಿ. ಅವನ ಕ್ಲಿನಿಕ್‌ಗಳು ಜಾಸ್ತಿ ಆದ ಹಾಗೆ ಸಂಜೆ 6 ಗಂಟೆಗೆ ಎಲ್ಲಾ ಮೆಸೇಜ್ ಒಟ್ಟಿಗೆ ಹೊರಟು, ಅರ್ಧ ಕೆಟ್ಟು, ಯಾವುದು ಹೋಯ್ತು ಯಾವುದು ಇಲ್ಲ ಗೊತ್ತಾಗದೆ ಒಬ್ಬೊಬ್ಬರಿಗೆ ಎರಡೆರಡು ಸಲ ಹೋಗ್ತಾ ಇತ್ತು, ಅವನು ರಾತ್ರಿಯೆಲ್ಲ ಎದ್ದು ಕೂತು ಸರಿ ಮಾಡ್ತಿದ್ದ. ನಾನು ನನ್ನ ಸಾಫ್ಟ್‌ವೇರ್‌ನಿಂದ ಮೆಸೇಜ್ ಕಳ್ಸೋ ಭಾಗ ಮಾತ್ರ ಕಿತ್ತು ಅವನಿಗೆ ಕೊಟ್ಟೆ, ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಕಳ್ಸಿ, ಹೋಗದೇ ಇದ್ದಿದ್ದನ್ನ ಮಾತ್ರ ಮತ್ತೆ ಕಳ್ಸೋದು. ಅವನು ಮೂರು ತಿಂಗಳಿಂದ ಒದ್ದಾಡ್ತಿದ್ದಿದ್ದು ನನಗೆ ನಾಲ್ಕು ದಿನದ ಕೆಲಸ ಆಯ್ತು. ಮುಗಿಸಿ ಕೊಟ್ಟಾಗ ಅವನು, "ಇದನ್ನ ಹೆಂಗೋ ಮಾಡಿದೆ?" ಅಂದ. ನಾನು ವಿವರಿಸೋಕೆ ಹೋಗಿ, ಒಂದೇ ಮೆಸೇಜ್ ಎರಡು ಸಲ ಹೋಗದ ಹಾಗೆ ಪ್ರತಿಯೊಂದಕ್ಕೂ ಒಂದು ಗುರುತಿನ ನಂಬರ್ ಕೊಡೋದನ್ನ ಹೇಳೋದೇ ಮರೆತಿದ್ದೆ, ಅದೇನ್ ಹೇಳೋ ವಿಷಯಾನಾ ಅಂತ.